ವರಾನ್ವೇಷಣೆ ಮತ್ತು ಗೌಪ್ಯತೆ: ಹೈದರಾಬಾದಿನ ಕನ್ನಡಿಗರ ನಡುವೆ ಮನೋಚಿಕಿತ್ಸಕಿಯ ಇಬ್ಬಗೆಯ ಸಂಬಂಧ

ಮನೋಚಿಕಿತ್ಸೆಯಲ್ಲಿ ಗಡಿ ದಾಟುವುದು ಬೇರೆ, ಗಡಿಯ ಉಲ್ಲಂಘನೆ ಬೇರೆ ಎಂದು ಗುಥೈಲ್ ಮತ್ತು ಗ್ಯಾಬಾರ್ಡ್ 1993ರಲ್ಲಿ ವಾದಿಸಿದರು. ಮೊದಲನೆಯದರಿಂದ ಹಾನಿಯಾಗಲೇಬೇಕೆಂದಿಲ್ಲ, ಎರಡನೆಯದರಿಂದ ಆಗುತ್ತದೆ. ಕಾಚಿಗುಡದ ಕನ್ನಡ ಶಾಲೆ, ಸಾಹಿತ್ಯ ಮಂದಿರಗಳ ಸುತ್ತ ಬೆಳೆದಂಥ ಸಮುದಾಯದಲ್ಲಿ ಚಿಕಿತ್ಸಕಿ ತನ್ನ ಬಳಿ ಬಂದವರನ್ನು ರಾಜ್ಯೋತ್ಸವದಲ್ಲೋ ಮದುವೆಯಲ್ಲೋ ಕಾಣದೆ ಇರಲಾಗದು. ಕಂಡರೆ ತಪ್ಪೇನೂ ಇಲ್ಲ. ಎದುರಾದಾಗ ಮೊದಲು ಮಾತಾಡಿಸಬೇಕೋ ಬೇಡವೋ ಎಂಬುದನ್ನು ಬಂದವರೇ ನಿರ್ಧರಿಸಲಿ ಎಂದು ಮೊದಲ ಭೇಟಿಯಲ್ಲೇ ಒಪ್ಪಿಕೊಂಡರೆ ಸಾಕು. ನಿಜವಾದ ಇಕ್ಕಟ್ಟು ವರಾನ್ವೇಷಣೆಯಲ್ಲಿದೆ.

ಪಾಠಕ್ಕೆಂದು ಕಟ್ಟಿದ ಒಂದು ಪ್ರಸಂಗವನ್ನು ನೋಡೋಣ. ತೆಲುಗು, ಹಿಂದಿ ಎರಡೂ ಬಲ್ಲ ಗೃಹಿಣಿಯೊಬ್ಬಳು, ಅಳುವಾಗ ಕನ್ನಡವೇ ಬರುತ್ತದೆಂದು ಕನ್ನಡದ ಚಿಕಿತ್ಸಕಿಯನ್ನು ಹುಡುಕಿ ಬರುತ್ತಾಳೆ. ಮೈದುನ ವರ್ಷಗಳಿಂದ ಮನೋರೋಗಕ್ಕೆ ಮಾತ್ರೆ ನುಂಗುತ್ತಿದ್ದಾನೆ, ಮನೆಯವರು ಅದನ್ನು ಮುಚ್ಚಿಟ್ಟಿದ್ದಾರೆ ಎಂಬುದು ಅವಳ ಮಾತಿನ ನಡುವೆ ಹೊರಬೀಳುತ್ತದೆ. ಕೆಲವು ತಿಂಗಳ ನಂತರ ಅದೇ ಹುಡುಗನ ಜಾತಕ ಚಿಕಿತ್ಸಕಿಯ ಅಕ್ಕನ ಮಗಳಿಗೆ ಬರುತ್ತದೆ. ಅಕ್ಕ ಕೇಳುತ್ತಾಳೆ: "ಆ ಮನೆಯವರು ನಿಂಗೆ ಗೊತ್ತಿರ್ಬೇಕಲ್ಲೇ, ಹೇಗೆ?"

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಮು ಗೌಪ್ಯತೆಯನ್ನು ಹಕ್ಕೆಂದೇ ಮಾನ್ಯ ಮಾಡುತ್ತದೆ. ಜೀವಕ್ಕೆ ಅಪಾಯ, ಇತರರಿಗೆ ಹಿಂಸೆ ಮುಂತಾದ ವಿನಾಯಿತಿಗಳಿದ್ದರೂ, ಅಗತ್ಯವಿದ್ದಷ್ಟನ್ನೇ ತಿಳಿಸಬೇಕು. ಒಬ್ಬ ಮಾತ್ರೆ ನುಂಗುತ್ತಾನೆಂಬುದೇ ಅಪಾಯವಲ್ಲ. ಆದ್ದರಿಂದ ಹೇಳುವಂತಿಲ್ಲ, ಇಷ್ಟರ ಮಟ್ಟಿಗೆ ಉತ್ತರ ಸುಲಭ.

ಕಷ್ಟವಿರುವುದು ಮೌನದಲ್ಲಿ. ಹಿಂದೆ ಬಂದ ಸಂಬಂಧಗಳ ಬಗ್ಗೆ "ಒಳ್ಳೇ ಜನ" ಎಂದಿದ್ದವಳು ಈ ಸಲ ತುಟಿ ಬಿಗಿದರೆ, ಅಕ್ಕನಿಗೆ ಅರ್ಥವಾಗದೆ ಇರುತ್ತದೆಯೇ? ಹೆಸರೆತ್ತದೆಯೇ ಗುಟ್ಟು ರಟ್ಟಾಗುತ್ತದೆ, ಅನುಮಾನ ಆ ಮನೆಯ ಸೊಸೆಯಾದ ಈ ಗೃಹಿಣಿಯ ಮೇಲೆ ತಿರುಗಲೂಬಹುದು. ಹಾಗಾಗಿ ಚಿಕಿತ್ಸಕಿ ವೃತ್ತಿಗೆ ಇಳಿದ ದಿನದಿಂದಲೇ ಯಾವ ಮನೆಯ ಬಗ್ಗೆಯೂ ಅಭಿಪ್ರಾಯ ಹೇಳದವಳೆಂದು ಬಂಧುಗಳಿಗೆ ಗೊತ್ತಿರಬೇಕು. ಮೆಚ್ಚುಗೆಯ ಮಾತನ್ನೂ ಆಡಬಾರದು. ಎಲ್ಲರ ವಿಷಯದಲ್ಲೂ ಒಂದೇ ಉತ್ತರವಿದ್ದರೆ ಮಾತ್ರ ಆ ಉತ್ತರ ಏನನ್ನೂ ಬಿಟ್ಟುಕೊಡುವುದಿಲ್ಲ.

ಇಷ್ಟಾದರೂ ಒಳಗಿನ ಸೆಳೆತ ನಿಲ್ಲದು. ಮೈದುನನ ಬಗ್ಗೆ ಬೇಕಿಲ್ಲದ ಪ್ರಶ್ನೆ ಕೇಳುವುದು, "ಹುಡುಗಿಗೆ ಹೇಳಿಬಿಡಬಾರದೇ" ಎಂದು ಸೊಸೆಯ ಬಾಯಿಂದಲೇ ಹೊರಡಿಸಲು ನೋಡುವುದು, ಈ ತೊಡಕನ್ನು ಟಿಪ್ಪಣಿಯಲ್ಲಿ ಬರೆಯದೆ ಬಿಡುವುದು: ಉಲ್ಲಂಘನೆ ಶುರುವಾದದ್ದನ್ನು ಇವುಗಳಿಂದ ಗುರುತಿಸಬಹುದು. ಇಲ್ಲಿ ಚಿಕಿತ್ಸೆ ಅಕ್ಕನ ಮಗಳಿಗಾಗಿ ನಡೆಯುತ್ತಿರುತ್ತದೆ, ಎದುರು ಕೂತವಳಿಗಾಗಿ ಅಲ್ಲ.

ಜಾತಕ ಬಂದ ವಾರವೇ ಚಿಕಿತ್ಸಕಿ, ಯಾರ ಗುರುತೂ ಸಿಗದಂತೆ, ಹಿರಿಯ ಮೇಲ್ವಿಚಾರಕರೊಡನೆ ಚರ್ಚಿಸಬೇಕು. ಮದುವೆಯ ಮಾತುಕತೆ ಮುಂದುವರಿದರೆ, ಎರಡೂ ಮನೆಗಳ ನಡುವೆ ಸಂಬಂಧದ ಪ್ರಸ್ತಾಪವಿದೆಯೆಂದು ಬಂದವಳಿಗೆ ನೇರವಾಗಿ ತಿಳಿಸಿ, ಬೆಂಗಳೂರಿನ ಕನ್ನಡ ಚಿಕಿತ್ಸಕರೊಬ್ಬರ ಬಳಿ ವಿಡಿಯೊ ಮೂಲಕ ಮುಂದುವರಿಯುವ ದಾರಿ ತೋರಿಸಬೇಕು. ಅವಳು ಒಪ್ಪಿ ಅಲ್ಲಿ ನೆಲೆಯೂರುವವರೆಗೆ ಕೈಬಿಡುವಂತಿಲ್ಲ. ಮದುವೆಯೇ ಆಗಿಬಿಟ್ಟರೆ ಈ ಚಿಕಿತ್ಸೆ ಇಲ್ಲಿ ಮುಂದುವರಿಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.