ಕಲಿಕಾ ವಕ್ರರೇಖೆ ಮತ್ತು ಕಾರ್ಮಿಕ ವೆಚ್ಚ

ಕಲಿಕಾ ವಕ್ರರೇಖೆ ಎಂಬುದು ಒಂದು ಕೆಲಸವನ್ನು ಮತ್ತೆ ಮತ್ತೆ ಮಾಡಿದಂತೆಲ್ಲ ಅದಕ್ಕೆ ತಗಲುವ ಸಮಯವು ಹೇಗೆ ಇಳಿಯುತ್ತದೆ ಎಂಬುದನ್ನು ತೋರಿಸುವ ರೇಖೆ. ಕಾರ್ಖಾನೆಯೊಂದು ಹೊಸ ವಸ್ತುವಿನ ತಯಾರಿಕೆಯನ್ನು ಆರಂಭಿಸಿದಾಗ ಮೊದಲ ಕೆಲವು ನಗಗಳಿಗೆ ಹೆಚ್ಚಿನ ದುಡಿಮೆಯ ಗಂಟೆಗಳು ಬೇಕಾಗುತ್ತವೆ. ನಂತರದವುಗಳಿಗೆ ಕ್ರಮೇಣ ಕಡಿಮೆ ಸಾಕಾಗುತ್ತವೆ. ವೆಚ್ಚ ಲೆಕ್ಕಶಾಸ್ತ್ರದಲ್ಲಿ ಮುಂದಿನ ಬೇಡಿಕೆಗೆ ಬೆಲೆ ನಿಗದಿಪಡಿಸಲು ಈ ರೇಖೆಯನ್ನು ಬಳಸಲಾಗುತ್ತದೆ.

ಹಿನ್ನೆಲೆ

ಅಮೆರಿಕದ ವಿಮಾನ ಎಂಜಿನಿಯರ್ ಟಿ. ಪಿ. ರೈಟ್ 1936ರಲ್ಲಿ ವಿಮಾನಗಳ ತಯಾರಿಕಾ ವೆಚ್ಚವನ್ನು ಕುರಿತ ಲೇಖನವೊಂದರಲ್ಲಿ ಈ ಸಂಬಂಧವನ್ನು ಗಣಿತದ ರೂಪದಲ್ಲಿ ಮಂಡಿಸಿದರು. ತಯಾರಾದ ವಿಮಾನಗಳ ಒಟ್ಟು ಸಂಖ್ಯೆ ಇಮ್ಮಡಿಯಾದಾಗಲೆಲ್ಲ ವಿಮಾನವೊಂದರ ಸರಾಸರಿ ದುಡಿಮೆಯು ಹಿಂದಿನದರ ಸುಮಾರು ಶೇ. 80ಕ್ಕೆ ಇಳಿಯುತ್ತದೆ ಎಂಬುದು ಅವರು ಕಂಡುಕೊಂಡ ಅಂಶ. ಇದಕ್ಕೆ ‘ಶೇ. 80ರ ರೇಖೆ’ ಎಂಬ ಹೆಸರು ಬಂದಿತು. ಇದರ ಸೂತ್ರ ಹೀಗಿದೆ:

```
y = a × x^b
b = log(0.8) / log(2) = -0.322
```

ಇಲ್ಲಿ `a` ಮೊದಲ ನಗಕ್ಕೆ ತಗಲಿದ ಸಮಯ, `x` ಈವರೆಗೆ ತಯಾರಾದ ಒಟ್ಟು ಸಂಖ್ಯೆ, `y` ಮೊದಲನೆಯದರಿಂದ ಈವರೆಗಿನ ಎಲ್ಲ ನಗಗಳ ಸರಾಸರಿ ಸಮಯ. ಇದನ್ನು ಸಂಚಿತ ಸರಾಸರಿ ಎನ್ನುತ್ತಾರೆ.

ಉದಾಹರಣೆ

ಬಸ್ಸಿನ ಬಾಡಿ ಕಟ್ಟುವ ಕಾರ್ಖಾನೆಯೊಂದು ಹೊಸ ವಿನ್ಯಾಸದ ಮೊದಲ ಬಾಡಿಗೆ 1,000 ಗಂಟೆ ದುಡಿಮೆಯನ್ನು ವ್ಯಯಿಸಿತು ಎಂದು ಭಾವಿಸೋಣ. ಕೂಲಿ ಗಂಟೆಗೆ 200 ರೂಪಾಯಿ. ಕಲಿಕೆಯ ದರ ಶೇ. 80.

| ಒಟ್ಟು ಬಾಡಿಗಳು | ಸರಾಸರಿ ಗಂಟೆ | ಒಟ್ಟು ಗಂಟೆ |
|---|---|---|
| 1 | 1,000 | 1,000 |
| 2 | 800 | 1,600 |
| 4 | 640 | 2,560 |
| 8 | 512 | 4,096 |

ನಾಲ್ಕು ಬಾಡಿಗಳು ಮುಗಿದ ಮೇಲೆ ಗ್ರಾಹಕನು ಇನ್ನೂ ನಾಲ್ಕಕ್ಕೆ ದರ ಕೇಳುತ್ತಾನೆ. ಈವರೆಗಿನ ಸರಾಸರಿಯಾದ 640 ಗಂಟೆಯನ್ನೇ ಹಿಡಿದರೆ ಕೂಲಿಯು 5,12,000 ರೂಪಾಯಿ ಆಗುತ್ತದೆ. ಆದರೆ ಮುಂದಿನ ನಾಲ್ಕಕ್ಕೆ ನಿಜವಾಗಿ ಬೇಕಾಗುವುದು 4,096ರಲ್ಲಿ 2,560 ಕಳೆದು ಉಳಿದ 1,536 ಗಂಟೆ, ಅಂದರೆ 3,07,200 ರೂಪಾಯಿ ಮಾತ್ರ. ಹಳೆಯ ಸರಾಸರಿಯ ಮೇಲೆ ದರ ಹೇಳುವ ಕಾರ್ಖಾನೆಯು ಬೇಡಿಕೆಯನ್ನು ಪ್ರತಿಸ್ಪರ್ಧಿಗೆ ಬಿಟ್ಟುಕೊಡುವ ಸಂಭವವಿದೆ. ಆದ್ದರಿಂದ ಮುಂದಿನ ತಂಡದ ವೆಚ್ಚವನ್ನು ಯಾವಾಗಲೂ ಎರಡು ಒಟ್ಟು ಮೊತ್ತಗಳ ವ್ಯತ್ಯಾಸದಿಂದಲೇ ಕಂಡುಹಿಡಿಯಬೇಕು.

ಎರಡು ಬಗೆಯ ಓದು

ರೈಟ್ ಅವರ ವಿಧಾನದಲ್ಲಿ ಶೇ. 80 ಎಂಬುದು ಸಂಚಿತ ಸರಾಸರಿಗೆ ಅನ್ವಯಿಸುತ್ತದೆ. ಕ್ರಾಫರ್ಡ್ ಅವರ ಹೆಸರಿನಲ್ಲಿ ಪ್ರಚಲಿತವಾದ ಇನ್ನೊಂದು ವಿಧಾನದಲ್ಲಿ ಅದು ಆಯಾ ನಗದ ಸಮಯಕ್ಕೇ ಅನ್ವಯಿಸುತ್ತದೆ. ಎರಡನೆಯ ವಿಧಾನದಂತೆ ಮೇಲಿನ ನಾಲ್ಕು ಬಾಡಿಗಳಿಗೆ ಕ್ರಮವಾಗಿ 1,000, 800, 702 ಮತ್ತು 640 ಗಂಟೆ ಬೇಕಾಗಿ ಒಟ್ಟು 3,142 ಗಂಟೆಯಾಗುತ್ತದೆ; ಮೊದಲ ವಿಧಾನದಲ್ಲಿ ಇದು 2,560 ಮಾತ್ರ. ಆದಕಾರಣ ಶೇಕಡಾವಾರು ದರವನ್ನು ಉಲ್ಲೇಖಿಸುವಾಗ ಅದು ಯಾವ ವಿಧಾನದ್ದೆಂದು ಹೇಳುವುದು ಅವಶ್ಯ.

ಮಿತಿಗಳು

ಸಮಯ ಇಳಿಯಲು ಕಾರ್ಮಿಕರ ಕೈ ಪಳಗುವುದೊಂದೇ ಕಾರಣವಲ್ಲ. ಬಿಡಿಭಾಗಗಳು ಬರುವ ಕ್ರಮ, ಉಪಕರಣಗಳ ಜೋಡಣೆ, ನಕ್ಷೆಯಲ್ಲಿನ ತಿದ್ದುಪಡಿ, ಮೇಲ್ವಿಚಾರಣೆ ಇವೆಲ್ಲವೂ ಸುಧಾರಿಸುತ್ತವೆ. ಆದರೆ ಕೆಲಸದ ವೇಗವನ್ನು ಯಂತ್ರವೇ ನಿರ್ಧರಿಸುವಲ್ಲಿ ಕಲಿಕೆಗೆ ಅವಕಾಶ ಅಲ್ಪ. ಕಚ್ಚಾ ಸಾಮಗ್ರಿಯ ಬೆಲೆಗೆ ಈ ರೇಖೆಯು ಅನ್ವಯಿಸುವುದಿಲ್ಲ. ಇಳಿಕೆಯೂ ಕೊನೆಯಿಲ್ಲದ್ದಲ್ಲ; ಒಂದು ಹಂತದ ನಂತರ ಸಮಯವು ಸ್ಥಿರವಾಗುತ್ತದೆ. ಎರಡೂ ಅಕ್ಷಗಳಲ್ಲಿ ಲಾಗರಿದಮ್ ಅಳತೆಯಿರುವ ಕಾಗದದ ಮೇಲೆ ಅಂಕಿಗಳನ್ನು ಗುರುತಿಸಿದರೆ ರೇಖೆಯು ನೇರವಾಗಿ ಕೆಳಗಿಳಿಯುತ್ತದೆ. ಅದು ಅಡ್ಡಕ್ಕೆ ತಿರುಗತೊಡಗಿದರೆ ಕಲಿಕೆ ಮುಗಿಯುತ್ತ ಬಂದಿದೆಯೆಂದು ತಿಳಿಯಬೇಕು.

ಮರೆವು

ತಯಾರಿಕೆ ಬಹುಕಾಲ ನಿಂತರೆ ಅಥವಾ ಪಳಗಿದವರು ಕೆಲಸ ಬಿಟ್ಟರೆ ಗಳಿಸಿದ ಕಲಿಕೆಯು ಕರಗುತ್ತದೆ. ಮೇಲಿನ ಕಾರ್ಖಾನೆಯು 1,536 ಗಂಟೆಯ ಲೆಕ್ಕದಲ್ಲಿ ದರ ಒಪ್ಪಿಕೊಂಡ ಬಳಿಕ ಹಳಬರೆಲ್ಲ ಹೊರಟುಹೋಗಿ, ಕಲಿಕೆಯು ಮೊದಲಿನಿಂದ ಆರಂಭವಾಯಿತೆನ್ನೋಣ. ಆಗ ಮತ್ತೆ 2,560 ಗಂಟೆ ಬೇಕಾಗಿ, ಕೂಲಿಯೊಂದರಲ್ಲೇ 2,04,800 ರೂಪಾಯಿ ಹೆಚ್ಚುವರಿ ಹೊರೆ ಬೀಳುತ್ತದೆ.

ಅಮೆರಿಕದ ಲಾಕ್‌ಹೀಡ್ ಸಂಸ್ಥೆಯ ಎಲ್-1011 ಟ್ರೈಸ್ಟಾರ್ ವಿಮಾನವು ಇದಕ್ಕೆ ಪ್ರಸಿದ್ಧ ನಿದರ್ಶನ. 1970ರ ದಶಕದಲ್ಲಿ ಬೇಡಿಕೆ ಕುಸಿದು ಉತ್ಪಾದನೆಯನ್ನು ಕಡಿತಗೊಳಿಸಲಾಯಿತು. ಅದು ಪುನಃ ಏರಿದಾಗ ದುಡಿಮೆಯ ಸಮಯವು ಸರಳ ಕಲಿಕಾ ರೇಖೆಯು ಸೂಚಿಸುವಷ್ಟು ಇಳಿದಿರಲಿಲ್ಲ. ಅರ್ಥಶಾಸ್ತ್ರಜ್ಞ ಲ್ಯಾನಿಯರ್ ಬೆಂಕಾರ್ಡ್ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಲಿಕೆಯ ಜೊತೆಗೆ ಮರೆವನ್ನೂ ಲೆಕ್ಕಕ್ಕೆ ತೆಗೆದುಕೊಂಡಾಗಲೇ ಈ ಅಂಕಿಗಳು ಸರಿಹೊಂದುತ್ತವೆ ಎಂದು ತೋರಿಸಿದರು. ಒಟ್ಟು 250 ವಿಮಾನಗಳನ್ನು ತಯಾರಿಸಿದ ನಂತರ ಸಂಸ್ಥೆಯು ನಷ್ಟದೊಂದಿಗೆ ಈ ಯೋಜನೆಯನ್ನು ಮುಕ್ತಾಯಗೊಳಿಸಿತು.