ಸ್ಟೆಂಟ್, ಮಂಡಿ ಚಿಪ್ಪಿಗೆ ಸರ್ಕಾರದ ದರ: ಆಸ್ಪತ್ರೆ ಎಸ್ಟಿಮೇಟ್‌ನಲ್ಲಿ ಏನು ಕಡಿಮೆ ಆಗುತ್ತೆ, ಏನು ಆಗಲ್ಲ?

ಚನ್ನಗಿರಿ/ಹೊನ್ನಾಳಿ/ನ್ಯಾಮತಿ/ಜಗಳೂರು: ಎದೆನೋವು ಅಂತ ದಾವಣಗೆರೆಗೋ ಶಿವಮೊಗ್ಗಕ್ಕೋ ಹೋದವರ ಕೈಗೆ ಆಸ್ಪತ್ರೆಯವರು ಒಂದು ಎಸ್ಟಿಮೇಟ್ ಚೀಟಿ ಕೊಡ್ತಾರೆ. ಅದರಲ್ಲಿ ಬಹಳ ಸಲ ಒಂದೇ ಮೊತ್ತ ಇರುತ್ತೆ. ಆ ಮೊತ್ತದೊಳಗೆ ಸರ್ಕಾರ ದರ ಕಟ್ಟಿರೋ ಒಂದು ಸಾಮಾನು ಇದೆ. ಅದನ್ನು ಬೇರೆ ಬರೆಸಿಕೊಂಡರೆ ಲೆಕ್ಕ ನೋಡೋದು ಸುಲಭ.

ಸ್ಟೆಂಟ್ ದರ ಎಷ್ಟು?

ಔಷಧ ದರ ನಿಗದಿ ಮಾಡುವ ಕೇಂದ್ರ ಪ್ರಾಧಿಕಾರ ಎನ್‌ಪಿಪಿಎ 2017ರ ಫೆಬ್ರವರಿಯಲ್ಲಿ ಸ್ಟೆಂಟ್‌ಗೆ ಗರಿಷ್ಠ ದರ ಹಾಕಿತು. ಔಷಧ ಲೇಪಿತ ಸ್ಟೆಂಟ್‌ಗೆ ಆಗ 29,600 ರೂ., ಲೇಪನ ಇಲ್ಲದ್ದಕ್ಕೆ 7,260 ರೂ. ಅದಕ್ಕೂ ಮೊದಲು ಲೇಪಿತ ಸ್ಟೆಂಟ್‌ನ ಸರಾಸರಿ ಎಂಆರ್‌ಪಿ ಲಕ್ಷ ದಾಟಿತ್ತು. ಸಗಟು ಬೆಲೆ ಸೂಚ್ಯಂಕ ನೋಡಿ ಈ ದರ ಬದಲಾಗುತ್ತಾ ಬಂದಿದೆ. 2025ರ ಏಪ್ರಿಲ್ 1ರಂದು ಲೇಪಿತ ಸ್ಟೆಂಟ್‌ಗೆ 38,933 ರೂ., ಲೇಪನ ಇಲ್ಲದ್ದಕ್ಕೆ 10,692 ರೂ. ಆಗಿತ್ತು. ಜಿಎಸ್‌ಟಿ ಶೇ 5 ಇದರ ಮೇಲೆ. "ಇದು ಫಾರಿನ್‌ದು, ಹೊಸ ಮಾಡೆಲ್, ಸರ್ಕಾರದ ದರ ಬರಲ್ಲ" ಅಂದ್ರೆ ಒಪ್ಪಬೇಡಿ. ಲೇಪಿತ ಸ್ಟೆಂಟ್ ಯಾವ ದೇಶದ್ದಾದರೂ ಮಿತಿ ಒಂದೇ.

ಒಂದು ಲೆಕ್ಕ ನೋಡೋಣ

ಉದಾಹರಣೆಗೆ ಎರಡು ಲೇಪಿತ ಸ್ಟೆಂಟ್ ಹಾಕೋಕೆ 1,95,000 ರೂ. ಎಸ್ಟಿಮೇಟ್ ಕೊಟ್ಟಿದ್ದಾರೆ ಅಂದುಕೊಳ್ಳಿ. ಬಿಡಿಸಿ ಬರೆಸಿದಾಗ ಹೀಗಿದೆ: ಸ್ಟೆಂಟ್ 1,10,000; ಬಲೂನ್, ವೈರ್, ಕ್ಯಾಥೆಟರ್ 30,000; ಕ್ಯಾಥ್‌ಲ್ಯಾಬ್, ಡಾಕ್ಟರ್ ಫೀಸು 35,000; ಐಸಿಯು, ವಾರ್ಡ್, ಔಷಧಿ 20,000.

2025ರ ಆ ದರದ ಪ್ರಕಾರ ಎರಡು ಸ್ಟೆಂಟ್‌ಗೆ 77,866 ರೂ., ಜಿಎಸ್‌ಟಿ 3,893 ರೂ., ಒಟ್ಟು 81,759 ರೂ. ಇದಕ್ಕಿಂತ ಜಾಸ್ತಿ ಹಾಕುವಂತಿಲ್ಲ. ಅಲ್ಲಿಗೆ 28,241 ರೂ. ಇಳಿದು ಎಸ್ಟಿಮೇಟ್ 1,66,759 ರೂ.ಗೆ ಬರಬೇಕು. ಬಾಕ್ಸ್ ಮೇಲಿನ ಎಂಆರ್‌ಪಿ ಇನ್ನೂ ಕಡಿಮೆ ಇದ್ದರೆ ಅದೇ ಲೆಕ್ಕ.

ಆದರೆ ಉಳಿದ 85,000 ರೂ. ಮೇಲೆ ಈ ಆದೇಶ ನಡೆಯಲ್ಲ. ಡಾಕ್ಟರ್ ಫೀಸು, ಕ್ಯಾಥ್‌ಲ್ಯಾಬ್ ಬಾಡಿಗೆಗೆ ಎನ್‌ಪಿಪಿಎ ಮಿತಿ ಇಲ್ಲ. ಬಲೂನ್, ವೈರ್‌ಗೂ ಗರಿಷ್ಠ ದರ ಇಲ್ಲ, ಕಂಪನಿ ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಎಂಆರ್‌ಪಿ ಏರಿಸಬಾರದು ಅಷ್ಟೆ. ಅದಕ್ಕೇ ಸ್ಟೆಂಟ್‌ನಲ್ಲಿ ಇಳಿದ ದುಡ್ಡು ಇನ್ನೊಂದು ಸಾಲಿನಲ್ಲಿ ಏರಿತಾ ಅಂತ ಹಳೇ ಚೀಟಿ, ಹೊಸ ಚೀಟಿ ಪಕ್ಕಪಕ್ಕ ಇಟ್ಟು ನೋಡಬೇಕು.

ಮಂಡಿ ಆಪರೇಷನ್‌ನಲ್ಲಿ ಒಂದು ಪಾಯಿಂಟ್

ಕೃತಕ ಮಂಡಿ ಒಂದೇ ಸಾಮಾನಲ್ಲ, ಬಿಡಿ ಭಾಗಗಳ ಸೆಟ್. 2017ರ ಆಗಸ್ಟ್ 16ರ ಆದೇಶದಲ್ಲಿ ಕೋಬಾಲ್ಟ್ ಕ್ರೋಮಿಯಂ ಸೆಟ್‌ಗೆ ಹೀಗಿತ್ತು: ತೊಡೆ ಮೂಳೆ ಭಾಗ 24,090, ಕೆಳಗಿನ ಮೂಳೆಯ ಟ್ರೇ 16,990, ನಡುವಿನ ಇನ್ಸರ್ಟ್ 9,550, ಮಂಡಿ ಚಿಪ್ಪು 4,090. ಒಟ್ಟು 54,720 ರೂ., ಜಿಎಸ್‌ಟಿ ಬೇರೆ. ಆಮೇಲೆಯೂ ಆದೇಶಗಳು ಬಂದಿವೆ. ಆಪರೇಷನ್‌ಗೆ ಮುಂಚೆ ಇವತ್ತಿನ ದರ ಎನ್‌ಪಿಪಿಎ ವೆಬ್‌ಸೈಟ್‌ನಲ್ಲಿ ನೋಡಿಕೊಳ್ಳಿ.

ಎಷ್ಟೋ ಆಪರೇಷನ್‌ಗಳಲ್ಲಿ ರೋಗಿಯ ಸ್ವಂತ ಚಿಪ್ಪನ್ನೇ ಉಳಿಸ್ತಾರೆ. ಆಗ ಕೃತಕ ಚಿಪ್ಪಿನ ದುಡ್ಡು ಬಿಲ್‌ನಲ್ಲಿ ಬರಬಾರದು. ಆ ದರದ ಪ್ರಕಾರ ಸೆಟ್ 50,630 ರೂ.ಗೆ ಇಳಿಯುತ್ತೆ. "ಚಿಪ್ಪು ಬದಲಾಯಿಸ್ತೀರಾ ಸಾರ್?" ಅಂತ ಮೊದಲೇ ಡಾಕ್ಟರ್‌ನ ಕೇಳಿ. ಎರಡೂ ಕಾಲಿಗೆ ಮಾಡಿಸಿದರೆ ಎರಡು ಸೆಟ್.

ಬಿಲ್ ಬಂದ ಮೇಲೆ

ಸ್ಟೆಂಟ್ ಇರಲಿ, ಮಂಡಿ ಇರಲಿ, ಅದರ ಬೆಲೆ, ಬ್ರಾಂಡ್, ಕಂಪನಿ ಹೆಸರು, ಬ್ಯಾಚ್ ನಂಬರ್ ಬಿಲ್‌ನಲ್ಲಿ ಬೇರೆ ಬರೆಯಬೇಕು ಅಂತ ಆದೇಶದಲ್ಲೇ ಇದೆ. ಬಾಕ್ಸ್‌ನ ಸ್ಟಿಕ್ಕರ್ ಕೇಸ್ ಶೀಟಿಗೆ ಅಂಟಿಸಿರ್ತಾರೆ, ಅದರ ಫೋಟೋ ತೆಗೆದುಕೊಳ್ಳಿ. ಬಿಲ್‌ನಲ್ಲಿ ಎರಡು ಸ್ಟೆಂಟ್ ಇದ್ದು ಸ್ಟಿಕ್ಕರ್ ಒಂದೇ ಇದ್ದರೆ ಅಲ್ಲೇ ಕೇಳಬೇಕು.

ಹಾರ್ಟ್ ಅಟ್ಯಾಕ್ ಆದಾಗ ಚೌಕಾಸಿಗೆ ಟೈಮ್ ಇರಲ್ಲ. ಮೊದಲು ಚಿಕಿತ್ಸೆ ಆಗಲಿ. ಬಿಲ್, ಸ್ಟಿಕ್ಕರ್ ಫೋಟೋ ಇದ್ದರೆ ಆಮೇಲೂ ದೂರು ಕೊಡಬಹುದು. ಮಂಡಿಗೆ ಅವಸರ ಇಲ್ಲ, ಎರಡು ಕಡೆ ಬಿಡಿಸಿದ ಎಸ್ಟಿಮೇಟ್ ತಗೊಳ್ಳಿ. ಬಿಪಿಎಲ್ ಕಾರ್ಡ್‌ನವರು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಸಿಗುತ್ತಾ ಅಂತ ಮೊದಲು ವಿಚಾರಿಸಿ.

ದೂರಿಗೆ ಎನ್‌ಪಿಪಿಎ ಉಚಿತ ಸಹಾಯವಾಣಿ: 1800 111 255.