ಅನುಪಾತಗಳ ಬೆಳಕಿನಲ್ಲಿ ಮೆಣಸಿನಪುಡಿ ಘಟಕ: ತಡಸ ಪರಿಸರದ ಒಂದು ಮಾದರಿ ವಿಶ್ಲೇಷಣೆ

ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ತಡಸದಂತಹ ಊರಿನಲ್ಲಿ ಬ್ಯಾಡಗಿ ಮೆಣಸಿನಕಾಯಿ ಕೊಂಡು ಪುಡಿ ಮಾಡುವ ಸಣ್ಣ ಘಟಕವೊಂದನ್ನು ಕಲ್ಪಿಸಿಕೊಂಡರೆ, ಅದರ ಆರ್ಥಿಕ ಸ್ಥಿತಿಯನ್ನು ಅಳೆಯುವಾಗ ಋತುಮಾನವನ್ನು ಕಡೆಗಣಿಸುವಂತಿಲ್ಲ. ಮೆಣಸಿನಕಾಯಿಯ ಆವಕ ಜನವರಿಯ ನಂತರ ಹೆಚ್ಚುವುದರಿಂದ, ಲೆಕ್ಕಪತ್ರ ಮುಗಿಯುವ ಮಾರ್ಚ್ 31ರ ವೇಳೆಗೆ ದಾಸ್ತಾನೂ ಅದಕ್ಕಾಗಿ ತಂದ ಬ್ಯಾಂಕ್ ಸಾಲವೂ ಏರಿದ ಸ್ಥಿತಿಯಲ್ಲಿರುತ್ತವೆ.

ವಿವರಣೆಗಾಗಿ ಕಲ್ಪಿಸಿದ ಈ ಮಾದರಿ ಘಟಕದ ಅಢಾವೆ ಪತ್ರಿಕೆಯಲ್ಲಿ ದಾಸ್ತಾನು 60 ಲಕ್ಷ, ಗಿರಾಕಿಗಳಿಂದ ಬರಬೇಕಾದ ಬಾಕಿ 25 ಲಕ್ಷ, ನಗದು 5 ಲಕ್ಷ, ಕಟ್ಟಡ ಮತ್ತು ಯಂತ್ರ 50 ಲಕ್ಷ ರೂಪಾಯಿಗಳಿವೆ ಎಂದಿಟ್ಟುಕೊಳ್ಳೋಣ. ವರ್ಷದೊಳಗೆ ತೀರಿಸಬೇಕಾದ ಚಾಲ್ತಿ ಹೊಣೆ 60 ಲಕ್ಷ, ದೀರ್ಘಾವಧಿ ಸಾಲ 30 ಲಕ್ಷ, ಮಾಲೀಕರ ಬಂಡವಾಳ 50 ಲಕ್ಷ.

ದ್ರವ್ಯತೆ ಎಂದರೆ ಸಮೀಪದ ಬಾಕಿಗಳನ್ನು ವೇಳೆಗೆ ತೀರಿಸುವ ಶಕ್ತಿ. ಚಾಲ್ತಿ ಆಸ್ತಿಯನ್ನು ಚಾಲ್ತಿ ಹೊಣೆಯಿಂದ ಭಾಗಿಸಿದಾಗ ದೊರೆಯುವ ಚಾಲ್ತಿ ಅನುಪಾತ ಇಲ್ಲಿ 90/60, ಅಂದರೆ 1.5. ಟಂಡನ್ ಸಮಿತಿಯ ಎರಡನೆಯ ವಿಧಾನದಿಂದ ಬ್ಯಾಂಕುಗಳಲ್ಲಿ ರೂಢಿಗೆ ಬಂದ 1.33ರ ಮಟ್ಟಕ್ಕಿಂತ ಇದು ಮೇಲಿದ್ದರೂ, ದಾಸ್ತಾನನ್ನು ಬಿಟ್ಟು ಲೆಕ್ಕ ಹಾಕುವ ಶೀಘ್ರ ಅನುಪಾತ 30/60, ಅಂದರೆ 0.5ಕ್ಕೆ ಇಳಿಯುತ್ತದೆ. ಹೀಗಾಗಿ ಘಟಕದ ದ್ರವ್ಯತೆ ಬಹುಮಟ್ಟಿಗೆ ಮೆಣಸಿನಕಾಯಿಯ ದರವನ್ನೇ ಆಶ್ರಯಿಸಿದೆ.

ಆ ದರ ಸ್ಥಿರವಲ್ಲ. 2024ರ ಮಾರ್ಚ್‌ನಲ್ಲಿ ಬ್ಯಾಡಗಿ ಮಾರುಕಟ್ಟೆಯಲ್ಲಿ ದರ ಕುಸಿದಾಗ ರೈತರ ಪ್ರತಿಭಟನೆ ಹಿಂಸೆಗೆ ತಿರುಗಿತ್ತು. ದಾಸ್ತಾನನ್ನು ಕೊಂಡ ವೆಚ್ಚ ಅಥವಾ ಮಾರಿದರೆ ಕೈಗೆ ಬರುವ ನಿವ್ವಳ ಬೆಲೆ, ಇವೆರಡರಲ್ಲಿ ಕಡಿಮೆಯಾದುದಕ್ಕೆ ಬರೆಯಬೇಕೆಂಬುದು ಲೆಕ್ಕಶಾಸ್ತ್ರದ ನಿಯಮವಾದ್ದರಿಂದ, ದಾಸ್ತಾನಿನ ಮೌಲ್ಯ 10 ಲಕ್ಷ ಕುಗ್ಗಿದರೆ ಚಾಲ್ತಿ ಅನುಪಾತ 1.33ಕ್ಕೆ ಬರುತ್ತದೆ. ಆ ನಷ್ಟ ಬಂಡವಾಳವನ್ನು 40 ಲಕ್ಷಕ್ಕೆ ಇಳಿಸುತ್ತದೆ. ಒಟ್ಟು ಹೊಣೆಯನ್ನು ಸ್ವಂತ ಬಂಡವಾಳಕ್ಕೆ ಹೋಲಿಸಿ ದೀರ್ಘಕಾಲ ಉಳಿಯುವ ಶಕ್ತಿಯನ್ನು, ಅಂದರೆ ಋಣ ತೀರಿಸುವ ಸಾಮರ್ಥ್ಯವನ್ನು, ತೋರಿಸುವ ಅನುಪಾತ 90/50ರಿಂದ 90/40ಕ್ಕೆ, ಅಂದರೆ 1.8ರಿಂದ 2.25ಕ್ಕೆ ಏರುತ್ತದೆ. ಒಂದೇ ಕಾರಣದಿಂದ ಎರಡು ಅನುಪಾತಗಳೂ ಒಟ್ಟಿಗೆ ಹದಗೆಡುತ್ತವೆ.

ಲಾಭದಾಯಕತೆಯಲ್ಲಿ ಇನ್ನೊಂದು ಮರೆಯಿದೆ. ದಾಸ್ತಾನಿನ ಮೌಲ್ಯ ಕುಗ್ಗದ ವರ್ಷದಲ್ಲಿ 200 ಲಕ್ಷದ ಮಾರಾಟಕ್ಕೆ ಬಡ್ಡಿಗೆ ಮುಂಚಿನ ಲಾಭ 18 ಲಕ್ಷ, ಬಡ್ಡಿ 9 ಲಕ್ಷ ಎಂದಾದರೆ, ಲಾಭವು ಬಡ್ಡಿಯ ಎರಡು ಪಟ್ಟಿದ್ದು, ತೆರಿಗೆಗೆ ಮುಂಚಿನ ಲಾಭ ಮಾರಾಟದ ಶೇ. 4.5 ಆಗುತ್ತದೆ. ಆದರೆ ಮನೆಯವರೇ ನಡೆಸುವ ಒಡೆತನದ ಘಟಕದಲ್ಲಿ ಅವರ ದುಡಿಮೆಗೆ ಸಂಬಳ ಬರೆದಿರುವುದಿಲ್ಲ. ಅದಕ್ಕೆ ವರ್ಷಕ್ಕೆ 6 ಲಕ್ಷ ಕಳೆದರೆ ಬಡ್ಡಿಯ ರಕ್ಷಣೆ 1.33 ಪಟ್ಟಿಗೂ ಲಾಭ ಶೇ. 1.5ಕ್ಕೂ ಇಳಿಯುತ್ತವೆ.

ಆದ್ದರಿಂದ ಇಂತಹ ಘಟಕದ ಆರೋಗ್ಯವನ್ನು ಮಾರ್ಚ್ ಅಂತ್ಯದ ಒಂದೇ ಚಾಲ್ತಿ ಅನುಪಾತದಿಂದ ನಿರ್ಣಯಿಸುವುದು ಸರಿಯಲ್ಲ. ದಾಸ್ತಾನು ಕರಗಿರುವ ಸೆಪ್ಟೆಂಬರ್ ಅಂತ್ಯದ ಲೆಕ್ಕವನ್ನೂ ಪಕ್ಕದಲ್ಲಿಟ್ಟು, ದಾಸ್ತಾನನ್ನು ಆ ದಿನದ ಪೇಟೆ ಧಾರಣೆಗೆ ಹೋಲಿಸಿ, ಮನೆಯವರ ದುಡಿಮೆಯ ಬೆಲೆ ಕಳೆದ ಮೇಲೆ ಉಳಿಯುವ ಅನುಪಾತಗಳನ್ನೇ ಸಾಲ ಕೊಡುವವರೂ ಮಾಲೀಕರೂ ಆಧಾರವಾಗಿಟ್ಟುಕೊಳ್ಳಬೇಕು.